ಬೆರೆಸಿದಾಗ ಸರಿಹೋಯಿತು, ಎರಡು ಗಂಟೆ ಕಳೆದಾಗ ಕೆಟ್ಟಿತು: ಉದ್ದವಾದ ಒಂದು ಎಪಿಟಿಟಿಯ ಪ್ರಕರಣ

67 ವರ್ಷದ ಅಡಿಕೆ ಬೆಳೆಗಾರರು. ತೂಕ 60 ಕೆ.ಜಿ. ಹದಿನೈದು ದಿನಗಳಿಂದ ಮೈಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಏಳುತ್ತಿದ್ದವು. ಪೆಟ್ಟು ಬಿದ್ದ ನೆನಪಿಲ್ಲ. ಆಮೇಲೆ ಬಲತೊಡೆ ಊದಿ ಬಿಗಿಯಾಯಿತು. ತಾಲ್ಲೂಕು ಕೇಂದ್ರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಕೈಗೆ ಸೂಜಿ ಚುಚ್ಚಿದ್ದೇ ತಡ, ಮೊಣಕೈವರೆಗೆ ಕಪ್ಪಾಗಿ ಬಾತುಕೊಂಡಿತು. ಹಿಮೋಗ್ಲೋಬಿನ್ 7.2ಕ್ಕೆ ಇಳಿದಿತ್ತು. ಪ್ಲೇಟ್‌ಲೆಟ್ 2.4 ಲಕ್ಷ, ಅಂದರೆ ಅಲ್ಲಿ ತೊಂದರೆಯಿಲ್ಲ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಎರಡು ಪರೀಕ್ಷೆಗಳಲ್ಲಿ ಪಿಟಿ 12.5 ಸೆಕೆಂಡ್, ಅದೂ ಸರಿಯಾಗಿತ್ತು. ಎಪಿಟಿಟಿ ಮಾತ್ರ 84 ಸೆಕೆಂಡ್. ನಮ್ಮ ಪ್ರಯೋಗಾಲಯದಲ್ಲಿ ಅದು 26ರಿಂದ 35ರ ಒಳಗಿರಬೇಕು.

ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ಕೇಳುವುದು ಹಳೆಯ ಕಥೆಯನ್ನು. ಇವರಿಗೆ ಇಪ್ಪತ್ತು ವರ್ಷದ ಹಿಂದೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಿತ್ತು. ಎರಡು ಬಾರಿ ಹಲ್ಲು ಕೀಳಿಸಿಕೊಂಡಿದ್ದರು. ಎಲ್ಲೂ ಹೆಚ್ಚು ರಕ್ತ ಹೋಗಿರಲಿಲ್ಲ. ಮನೆತನದಲ್ಲಿ, ತಾಯಿಯ ಕಡೆಯ ಗಂಡಸರಲ್ಲೂ ಸಹ, ರಕ್ತಸ್ರಾವದ ಕಾಯಿಲೆ ಇದ್ದವರಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಹುಟ್ಟಿನಿಂದ ಬಂದ ಹಿಮೋಫಿಲಿಯಾ ತೀರಾ ಸೌಮ್ಯವಾಗಿದ್ದರೆ ವಯಸ್ಸಾಗುವವರೆಗೂ ಬಚ್ಚಿಟ್ಟುಕೊಂಡಿರಬಹುದು, ನಿಜ. ಆದರೆ ಹಾಗೆ ಬಚ್ಚಿಟ್ಟುಕೊಳ್ಳುವ ಹಿಮೋಫಿಲಿಯಾ ಎಪಿಟಿಟಿಯನ್ನು 84ಕ್ಕೆ ಏರಿಸುವುದಿಲ್ಲ. ಇದು ಹೊಸದಾಗಿ ಬಂದದ್ದು ಎಂಬ ಗುಮಾನಿ ಅಲ್ಲಿಂದಲೇ ಶುರುವಾಗಬೇಕು.

ಎಪಿಟಿಟಿ ಏನನ್ನು ಅಳೆಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದು ಒಳ್ಳೆಯದು. ಸಿಟ್ರೇಟ್ ಬೆರೆಸಿದ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾಕ್ಕೆ ಎರಡು ವಸ್ತು ಇರುವ ರಿಯೇಜೆಂಟ್ ಹಾಕುತ್ತೇವೆ. ಒಂದು, ಸಿಲಿಕಾ, ಕೇಯೊಲಿನ್ ಅಥವಾ ಎಲಾಜಿಕ್ ಆಮ್ಲದಂಥ ಪ್ರಚೋದಕ. ಇನ್ನೊಂದು, ಪ್ಲೇಟ್‌ಲೆಟ್‌ನ ಮೇಲ್ಮೈಯ ಕೆಲಸ ಮಾಡುವ ಫಾಸ್ಫೋಲಿಪಿಡ್. 37 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟು, ಕ್ಯಾಲ್ಸಿಯಂ ಹಾಕಿ, ಹೆಪ್ಪುಗಟ್ಟುವವರೆಗಿನ ಸೆಕೆಂಡುಗಳನ್ನು ಎಣಿಸುತ್ತೇವೆ. ಪಿಟಿ ಸರಿಯಿದ್ದು ಎಪಿಟಿಟಿ ಒಂದೇ ಉದ್ದವಾದರೆ ತೊಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೊಟೀನ್‌ಗಳಾದ 8, 9, 11, 12ನೇ ಫ್ಯಾಕ್ಟರ್‌ಗಳ ಸುತ್ತ ಇದೆ ಎಂದರ್ಥ. ಆದರೆ ಆ ಫ್ಯಾಕ್ಟರ್ ಇಲ್ಲವೋ, ಇದ್ದರೂ ಅದನ್ನು ಯಾವುದೋ ಪ್ರತಿಕಾಯ ಕೆಲಸ ಮಾಡಲು ಬಿಡುತ್ತಿಲ್ಲವೋ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಅದನ್ನು ಬೇರ್ಪಡಿಸಲೆಂದೇ ರೋಗಿಯ ಪ್ಲಾಸ್ಮಾವನ್ನು ಆರೋಗ್ಯವಂತರ ಪ್ಲಾಸ್ಮಾದೊಂದಿಗೆ ಬೆರೆಸಿ ನೋಡುವ ಮಿಕ್ಸಿಂಗ್ ಪರೀಕ್ಷೆ ಇರುವುದು.

ಅದಕ್ಕೂ ಮುಂಚೆ ಸ್ಯಾಂಪಲ್ಲನ್ನೇ ಅನುಮಾನಿಸಬೇಕು. ನೀಲಿ ಮುಚ್ಚಳದ ಟ್ಯೂಬಿನಲ್ಲಿ 3.2 ಶೇಕಡಾ ಸಿಟ್ರೇಟ್ ಒಂದು ಭಾಗಕ್ಕೆ ರಕ್ತ ಒಂಬತ್ತು ಭಾಗ ಇರಬೇಕು. ಟ್ಯೂಬು ಗೆರೆ ಮುಟ್ಟದಿದ್ದರೆ ಸಿಟ್ರೇಟ್ ಹೆಚ್ಚಾಗಿ, ನಾವು ಹಾಕುವ ಕ್ಯಾಲ್ಸಿಯಂ ಅದಕ್ಕೇ ಖರ್ಚಾಗಿ, ಸಮಯ ಸುಮ್ಮನೆ ಉದ್ದವಾಗುತ್ತದೆ. ಇನ್ನೊಂದು, ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ಹೆಪಾರಿನ್. ಒಳರೋಗಿಗಳ ಕ್ಯಾನುಲಾದಿಂದ ಎಳೆದ ರಕ್ತದಲ್ಲಿ ಅದು ಸೇರಿಕೊಂಡಿರುವುದು ಎಷ್ಟು ಸಾಮಾನ್ಯವೆಂದರೆ, ಕಾರಣ ತಿಳಿಯದ ಉದ್ದ ಎಪಿಟಿಟಿಯಲ್ಲಿ ನಾನು ಮೊದಲು ನೋಡುವುದೇ ಥ್ರಾಂಬಿನ್ ಟೈಮ್. ಹೆಪಾರಿನ್ ಇದ್ದರೆ ಅದು ಬಹಳ ಉದ್ದವಾಗುತ್ತದೆ. ಮೇಲಾಗಿ ಹೆಪಾರಿನ್ ಮಿಕ್ಸಿಂಗ್‌ನಲ್ಲಿ ಥೇಟ್ ಇನ್ಹಿಬಿಟರ್‌ನಂತೆಯೇ, ಅಂದರೆ ಅಡ್ಡಬರುವ ಪ್ರತಿಕಾಯದಂತೆಯೇ ನಡೆದುಕೊಳ್ಳುತ್ತದೆ, ಬೆರೆಸಿದರೂ ಸರಿಹೋಗುವುದಿಲ್ಲ. ಇವರ ರಕ್ತವನ್ನು ಇನ್ನೊಂದು ಕೈಯಿಂದ ನೇರವಾಗಿ ತೆಗೆಸಿದೆವು. ಟ್ಯೂಬು ಸರಿಯಾಗಿ ತುಂಬಿತ್ತು, ಥ್ರಾಂಬಿನ್ ಟೈಮ್ 15 ಸೆಕೆಂಡ್, ಕಂಟ್ರೋಲ್‌ನಷ್ಟೇ. ಎಪಿಟಿಟಿ ಮತ್ತೆ 84.

ರೆಫರಲ್ ಚೀಟಿಯಲ್ಲಿ ಒಂದು ಸಾಲು ನನ್ನ ಗಮನ ಸೆಳೆಯಿತು. ಹಿಂದಿನ ದಿನ ಅಲ್ಲಿ ನಾಲ್ಕು ಯೂನಿಟ್ ಎಫ್‌ಎಫ್‌ಪಿ, ಅಂದರೆ ದಾನಿಗಳ ಶೈತ್ಯೀಕರಿಸಿದ ಪ್ಲಾಸ್ಮಾ ಕೊಟ್ಟಿದ್ದರು. ಕೊಟ್ಟು ಎರಡು ಗಂಟೆಯ ನಂತರ ಎಪಿಟಿಟಿ 81. ನಾಲ್ಕು ಯೂನಿಟ್ ಎಂದರೆ ಸುಮಾರು 800ರಿಂದ 1000 ಮಿ.ಲೀ. ಪ್ಲಾಸ್ಮಾ. ಪ್ರತಿ ಮಿ.ಲೀ.ನಲ್ಲಿ ಹತ್ತಿರಹತ್ತಿರ ಒಂದು ಯೂನಿಟ್ ಫ್ಯಾಕ್ಟರ್ 8 ಇದೆ ಎಂದು ಹಿಡಿದರೂ, ಕೆ.ಜಿ.ಗೆ ಒಂದು ಯೂನಿಟ್ ಕೊಟ್ಟರೆ ಮಟ್ಟ ಶೇಕಡಾ 2ರಷ್ಟು ಏರುತ್ತದೆಂಬ ಲೆಕ್ಕದಲ್ಲಿ, 60 ಕೆ.ಜಿ.ಯ ಮನುಷ್ಯನಲ್ಲಿ ಶೇಕಡಾ 25ರಿಂದ 30ರಷ್ಟು ಏರಿಕೆ ಕಾಣಬೇಕಿತ್ತು. ಬರೀ ಕೊರತೆಯಾಗಿದ್ದರೆ ಎಪಿಟಿಟಿ 40ರ ಆಸುಪಾಸಿಗೆ ಬರಬೇಕು. ಮೂರೇ ಸೆಕೆಂಡ್ ಇಳಿಯಿತೆಂದರೆ, ಕೊಟ್ಟದ್ದು ಒಳಗೆ ಹೋಗಿ ಉಳಿಯಲಿಲ್ಲ ಎಂದಾಯಿತು. ಒಂದು ರೀತಿಯಲ್ಲಿ ಮಿಕ್ಸಿಂಗ್ ಪರೀಕ್ಷೆ ರೋಗಿಯ ದೇಹದೊಳಗೇ ಆಗಿಹೋಗಿತ್ತು. ಎಫ್‌ಎಫ್‌ಪಿ ಚೀಲಗಳಲ್ಲಿ ಫ್ಯಾಕ್ಟರ್ 8ರ ಪ್ರಮಾಣ ಬಹಳ ಏರುಪೇರಾಗುವುದರಿಂದ ಇದನ್ನು ಪುರಾವೆ ಎನ್ನಲಾಗದು, ಆದರೆ ಸುಳಿವು ಎಂದು ಬರೆದಿಟ್ಟುಕೊಳ್ಳಲೇಬೇಕು.

ಮಿಕ್ಸಿಂಗ್‌ನ ತರ್ಕ ಸರಳ. ರೋಗಿಯ ಪ್ಲಾಸ್ಮಾ ಅರ್ಧ, ಆರೋಗ್ಯವಂತರ ಪ್ಲಾಸ್ಮಾ ಅರ್ಧ. ರೋಗಿಯಲ್ಲಿ ಒಂದು ಫ್ಯಾಕ್ಟರ್ ಸೊನ್ನೆಯೇ ಇದ್ದರೂ ಮಿಶ್ರಣದಲ್ಲಿ ಅದು ಶೇಕಡಾ 50 ಆಗುತ್ತದೆ. ಹೆಚ್ಚಿನ ಎಪಿಟಿಟಿ ರಿಯೇಜೆಂಟ್‌ಗಳು ಒಂದು ಫ್ಯಾಕ್ಟರ್ ಶೇಕಡಾ 30-40ಕ್ಕಿಂತ ಕೆಳಗಿಳಿಯುವವರೆಗೂ ಸುಮ್ಮನಿರುತ್ತವೆ. ಹಾಗಾಗಿ ಕೊರತೆಯಿದ್ದರೆ ಮಿಶ್ರಣ ಸರಿಹೋಗುತ್ತದೆ. ಪ್ರತಿಕಾಯ ಇದ್ದರೆ ಅದು ಹೊರಗಿನಿಂದ ಬಂದ ಫ್ಯಾಕ್ಟರನ್ನೂ ಕೆಡಿಸುತ್ತದೆ, ಮಿಶ್ರಣ ಉದ್ದವಾಗಿಯೇ ಉಳಿಯುತ್ತದೆ.

ಈ ತರ್ಕ ನಿಂತಿರುವುದು ಆ ಅರ್ಧ ಪ್ಲಾಸ್ಮಾದ ಗುಣದ ಮೇಲೆ. ಸಣ್ಣ ಪ್ರಯೋಗಾಲಯಗಳಲ್ಲಿ ಅಂದು ಡ್ಯೂಟಿಯಲ್ಲಿರುವ ಟೆಕ್ನಿಷಿಯನ್ನರ ರಕ್ತವನ್ನೇ ತೆಗೆದು ನಾರ್ಮಲ್ ಎಂದು ಬಳಸುವುದುಂಟು. ಆ ಒಬ್ಬರ ಫ್ಯಾಕ್ಟರ್ 8 ಶೇಕಡಾ 55 ಮಾತ್ರ ಇದ್ದರೆ? ಅವರ ಎಪಿಟಿಟಿ ಸರಿಯಾಗಿಯೇ ಇರುತ್ತದೆ, ಆದರೆ ಮಿಶ್ರಣದಲ್ಲಿ ಉಳಿಯುವುದು ಶೇಕಡಾ 28ರಷ್ಟು, ಕೊರತೆಯ ರೋಗಿಯೂ ಇನ್ಹಿಬಿಟರ್ ರೋಗಿಯಂತೆ ಕಾಣುತ್ತಾನೆ. ಆದ್ದರಿಂದ ಕನಿಷ್ಠ ಇಪ್ಪತ್ತು ಮಂದಿಯ ಪ್ಲಾಸ್ಮಾವನ್ನು ಒಟ್ಟುಗೂಡಿಸಿ, ಪ್ರತಿ ಫ್ಯಾಕ್ಟರ್ ಶೇಕಡಾ 100ರ ಹತ್ತಿರ ಇದೆಯೆಂದು ನೋಡಿಕೊಂಡು ಇಡಬೇಕು. ಪ್ಲಾಸ್ಮಾವನ್ನು ಎರಡು ಬಾರಿ ಸೆಂಟ್ರಿಫ್ಯೂಜ್ ಮಾಡಿ ಪ್ಲೇಟ್‌ಲೆಟ್ ಇಲ್ಲದಂತೆ ಮಾಡುವುದೂ ಮುಖ್ಯ. ಪ್ಲೇಟ್‌ಲೆಟ್ ಉಳಿದು ಫ್ರೀಜರ್‌ನಲ್ಲಿ ಒಡೆದರೆ ಅದರ ಫಾಸ್ಫೋಲಿಪಿಡ್ ಹೊರಬಂದು, ಫಾಸ್ಫೋಲಿಪಿಡ್‌ಗೆ ಅಡ್ಡಬರುವ ಪ್ರತಿಕಾಯವಾದ ಲೂಪಸ್ ಆ್ಯಂಟಿಕೊಯಾಗ್ಯುಲೆಂಟನ್ನು ಹೀರಿಕೊಂಡುಬಿಡುತ್ತದೆ, ಇರುವ ಇನ್ಹಿಬಿಟರ್ ಇಲ್ಲವೆಂದು ತೋರುತ್ತದೆ.

ನಮ್ಮ ಪೂಲ್ ಪ್ಲಾಸ್ಮಾದ ಎಪಿಟಿಟಿ 30 ಸೆಕೆಂಡ್. ರೋಗಿಯದು 84. ಸಮಪಾಲು ಬೆರೆಸಿ ಕೂಡಲೇ ಹಾಕಿದಾಗ 36.

ಇದನ್ನು ಸರಿಹೋಯಿತು ಎನ್ನಬೇಕೆ? ಮೇಲ್ಮಿತಿ 35, ಬಂದದ್ದು 36. ಕಣ್ಣಂದಾಜಿನಲ್ಲಿ ಒಬ್ಬರು ಸರಿ ಎಂದರೆ ಇನ್ನೊಬ್ಬರು ಇಲ್ಲ ಎನ್ನುತ್ತಾರೆ. ಅದಕ್ಕೇ ಲೆಕ್ಕಾಚಾರದ ಸೂತ್ರಗಳಿವೆ. ರೋಸ್ನರ್ ಸೂಚ್ಯಂಕದಲ್ಲಿ ಮಿಶ್ರಣದ ಸಮಯದಿಂದ ಪೂಲ್‌ನ ಸಮಯ ಕಳೆದು, ರೋಗಿಯ ಸಮಯದಿಂದ ಭಾಗಿಸಿ, ನೂರರಿಂದ ಗುಣಿಸುತ್ತೇವೆ. 36ರಿಂದ 30 ಕಳೆದರೆ 6, ಅದನ್ನು 84ರಿಂದ ಭಾಗಿಸಿದರೆ ಶೇಕಡಾ 7. ಮೂಲದಲ್ಲಿ ಗಡಿರೇಖೆ 15 ಎಂದಿತ್ತು. ಈಗ ಪ್ರತಿ ಪ್ರಯೋಗಾಲಯ ತನ್ನ ರಿಯೇಜೆಂಟಿಗೆ ತಕ್ಕಂತೆ ಅದನ್ನು ನಿಗದಿ ಮಾಡಿಕೊಳ್ಳಬೇಕು, ನಮ್ಮದು 12. ಯಾವ ಗಡಿ ಹಿಡಿದರೂ ಇದು ಸರಿಹೋದ ಮಿಶ್ರಣ. ಪಠ್ಯಪುಸ್ತಕದ ಮೊದಲ ಸಾಲಿನ ಪ್ರಕಾರ ಉತ್ತರ: ಫ್ಯಾಕ್ಟರ್ ಕೊರತೆ.

ವಾರ್ಡಿನಿಂದ ಫಿಸಿಷಿಯನ್ ಫೋನ್ ಮಾಡಿದರು. "ಮೇಡಂ, ಮಿಕ್ಸಿಂಗ್ ಕರೆಕ್ಟ್ ಆಯ್ತಂತೆ. ಹಾಗಾದರೆ ಫ್ಯಾಕ್ಟರ್ 8 ತರಿಸಿ ಶುರು ಮಾಡಿಬಿಡೋಣವೇ? ತೊಡೆ ಇನ್ನೂ ಊದ್ತಿದೆ."

"ಎರಡು ಗಂಟೆ ಕಾಯಿರಿ ಡಾಕ್ಟ್ರೇ. ಈ ವಯಸ್ಸಿಗೆ, ಈ ಕಥೆಗೆ ಬರೀ ಕೊರತೆ ಹೊಂದುವುದಿಲ್ಲ. ಇನ್‌ಕ್ಯುಬೇಷನ್ ಹಾಕಿದ್ದೀನಿ. ಅಷ್ಟರವರೆಗೆ ಯಾವ ಇಂಜೆಕ್ಷನ್ನೂ ಮಾಂಸಖಂಡಕ್ಕೆ ಬೇಡ, ಅಪಧಮನಿಯಿಂದ ರಕ್ತ ತೆಗೆಯುವುದೂ ಬೇಡ."

ಕಾಯಬೇಕಾದ್ದೇಕೆ ಎಂಬುದರಲ್ಲೇ ಈ ಪ್ರಕರಣದ ಜೀವವಿದೆ. ಎಲ್ಲ ಇನ್ಹಿಬಿಟರ್‌ಗಳೂ ಒಂದೇ ವೇಗದವಲ್ಲ. ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್ ರಿಯೇಜೆಂಟಿನ ಫಾಸ್ಫೋಲಿಪಿಡ್‌ಗೆ ಅಡ್ಡಬರುತ್ತದೆ, ಬೆರೆಸಿದ ಕ್ಷಣದಿಂದಲೇ ಅದರ ಪರಿಣಾಮ ಕಾಣುತ್ತದೆ. ಫ್ಯಾಕ್ಟರ್ 8ರ ವಿರುದ್ಧದ ಪ್ರತಿಕಾಯ ಹಾಗಲ್ಲ. ಫ್ಯಾಕ್ಟರ್ 8 ಪ್ಲಾಸ್ಮಾದಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್‌ಗೆ ಅಂಟಿಕೊಂಡಿರುತ್ತದೆ. ಪ್ರತಿಕಾಯ ಅದನ್ನು ಹಿಡಿದು ನಿಷ್ಕ್ರಿಯಗೊಳಿಸುವುದು ನಿಧಾನವಾಗಿ, ದೇಹದ ಉಷ್ಣತೆಯಲ್ಲಿ, ಗಂಟೆಗಳ ಲೆಕ್ಕದಲ್ಲಿ. ಬೆರೆಸಿದ ಕೂಡಲೇ ಅಳೆದರೆ ಪೂಲ್‌ನಿಂದ ಬಂದ ಶೇಕಡಾ 50 ಇನ್ನೂ ಕೈಗೆಟುಕುವಂತಿರುತ್ತದೆ. ಪ್ರತಿಕಾಯದ ಮಟ್ಟ ಬಹಳ ಹೆಚ್ಚಿದ್ದರೆ ಕೂಡಲೇ ಮಾಡಿದ ಮಿಶ್ರಣವೂ ಉದ್ದ ಬಂದೀತು. ಮಟ್ಟ ಕಡಿಮೆಯಿದ್ದಾಗಲೇ ಮೋಸಹೋಗುವ ಸಂಭವ ಹೆಚ್ಚು.

ಇನ್‌ಕ್ಯುಬೇಷನ್‌ಗೆ ಒಂದೇ ಟ್ಯೂಬು ಇಟ್ಟರೆ ಸಾಲದು, ಇಲ್ಲಿ ಅನೇಕ ಕಡೆ ಅರ್ಧ ಕೆಲಸ ನಡೆಯುತ್ತದೆ. ಫ್ಯಾಕ್ಟರ್ 8 ಮತ್ತು 5 ಸುಲಭವಾಗಿ ಹಾಳಾಗುವಂಥವು. ಆರೋಗ್ಯವಂತರ ಪ್ಲಾಸ್ಮಾವನ್ನು 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೂ ಎಪಿಟಿಟಿ ಕೆಲವು ಸೆಕೆಂಡ್ ಉದ್ದವಾಗುತ್ತದೆ. ಮಿಶ್ರಣ ಉದ್ದವಾದದ್ದು ಪ್ರತಿಕಾಯದಿಂದಲೋ, ಬರೀ ಶಾಖದಿಂದಲೋ ಎಂದು ತಿಳಿಯುವುದು ಹೇಗೆ? ಅದಕ್ಕೆ ವಾಟರ್ ಬಾತ್‌ನಲ್ಲಿ ಮೂರು ಟ್ಯೂಬು ಇಡುತ್ತೇವೆ: ಪೂಲ್ ಪ್ಲಾಸ್ಮಾ ಒಂದೇ, ರೋಗಿಯದು ಒಂದೇ, ಇಬ್ಬರದೂ ಬೆರೆಸಿದ್ದು. ಎರಡು ಗಂಟೆಯ ನಂತರ ಬೇರೆಬೇರೆಯಾಗಿ ಇಟ್ಟಿದ್ದ ಮೊದಲೆರಡನ್ನು ಆಗಷ್ಟೇ ಸಮಪಾಲು ಬೆರೆಸಿ ನಾಲ್ಕನೆಯ ಟ್ಯೂಬು ಮಾಡುತ್ತೇವೆ. ನಾಲ್ಕನೆಯದೂ ಮೂರನೆಯದೂ ಅಷ್ಟೇ ಹೊತ್ತು ಶಾಖ ಕಂಡಿವೆ. ವ್ಯತ್ಯಾಸ ಒಂದೇ, ಮೂರನೆಯದರಲ್ಲಿ ಪ್ರತಿಕಾಯಕ್ಕೂ ಫ್ಯಾಕ್ಟರ್‌ಗೂ ಎರಡು ಗಂಟೆಯ ಸಹವಾಸ ಆಗಿದೆ. ಟ್ಯೂಬುಗಳ ಮುಚ್ಚಳ ಬಿಗಿಯಾಗಿರಬೇಕು. ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಪ್ಲಾಸ್ಮಾದ ಪಿಎಚ್ ಏರಿ, ಫ್ಯಾಕ್ಟರ್ 8 ತಾನಾಗಿಯೇ ಕುಸಿಯುತ್ತದೆ.

ಎರಡು ಗಂಟೆಯ ನಂತರ ಪೂಲ್ 33 ಸೆಕೆಂಡ್, ರೋಗಿಯದು 92. ಬೇರೆಬೇರೆ ಇಟ್ಟು ಕೊನೆಗೆ ಬೆರೆಸಿದ್ದು 38. ಒಟ್ಟಿಗೆ ಇಟ್ಟಿದ್ದು 61.

38 ಮತ್ತು 61ರ ನಡುವಿನ ಆ 23 ಸೆಕೆಂಡ್ ಶಾಖದಿಂದ ಬಂದದ್ದಲ್ಲ. ಅದು ಪ್ರತಿಕಾಯದ ಕೆಲಸ. ಸೂಚ್ಯಂಕವನ್ನು ಮತ್ತೆ ಲೆಕ್ಕ ಹಾಕಿದರೆ, 61ರಿಂದ 33 ಕಳೆದು 92ರಿಂದ ಭಾಗಿಸಿದಾಗ ಶೇಕಡಾ 30. ಕೂಡಲೇ ಮಾಡಿದಾಗ 7 ಇದ್ದದ್ದು ಈಗ 30. ಕಾಲ ಮತ್ತು ಉಷ್ಣತೆಯನ್ನು ಅವಲಂಬಿಸಿದ ಇನ್ಹಿಬಿಟರ್ ಎಂಬ ವರದಿಯನ್ನು ಆ ಹೊತ್ತಿಗೇ ಫೋನಿನಲ್ಲಿ ಹೇಳಿದೆ.

ಯಾವ ಫ್ಯಾಕ್ಟರ್‌ನ ವಿರುದ್ಧ ಎಂಬುದು ಮುಂದಿನ ಹೆಜ್ಜೆ. ಪ್ರತ್ಯೇಕ ಫ್ಯಾಕ್ಟರ್ ಅಳೆಯುವ ಸೌಲಭ್ಯವಿಲ್ಲದ ಕಡೆ ಹಳೆಯ ವಿಧಾನವೊಂದಿದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನಿಂದ ಹೀರಿಸಿದ ಪ್ಲಾಸ್ಮಾದಲ್ಲಿ ಫ್ಯಾಕ್ಟರ್ 8 ಇರುತ್ತದೆ, 9 ಇರುವುದಿಲ್ಲ. ಹಳಸಿದ ಸೀರಂನಲ್ಲಿ 9 ಇರುತ್ತದೆ, 8 ಇರುವುದಿಲ್ಲ. ಯಾವುದರಿಂದ ಸರಿಹೋಗುತ್ತದೆ ಎಂದು ನೋಡಿ ಹಿಮೋಫಿಲಿಯಾ ಎ ಮತ್ತು ಬಿಯನ್ನು ಬೇರ್ಪಡಿಸುತ್ತಾರೆ. ಕೊರತೆಗೆ ಅದು ಒಳ್ಳೆಯ ಉಪಾಯವೇ. ಇನ್ಹಿಬಿಟರ್ ಇದ್ದಾಗ ಮಾತ್ರ ಅದನ್ನು ನೆಚ್ಚಿಕೊಳ್ಳಲಾಗದು.

ನಮ್ಮಲ್ಲಿ ಅಳತೆ ಸಾಧ್ಯವಿತ್ತು. ಫ್ಯಾಕ್ಟರ್ 9, 11, 12 ಮೂರೂ ಸರಿಯಾಗಿದ್ದವು. ಫ್ಯಾಕ್ಟರ್ 8 ಶೇಕಡಾ 3. ರಕ್ತಸ್ರಾವ, ನೋವು, ಒತ್ತಡ ಇರುವ ವಯಸ್ಸಾದವರಲ್ಲಿ ಫ್ಯಾಕ್ಟರ್ 8 ಸಾಮಾನ್ಯವಾಗಿ ಏರಿರುತ್ತದೆ, ಅಂಥಲ್ಲಿ 3 ಎಂಬುದು ತೀರಾ ಕಡಿಮೆ. ಈ ಅಳತೆಯನ್ನು ಒಂದೇ ಡೈಲ್ಯೂಷನ್‌ನಲ್ಲಿ ಮಾಡಿ ಮುಗಿಸಬಾರದು. ಪ್ಲಾಸ್ಮಾವನ್ನು 10 ಪಟ್ಟು, 20 ಪಟ್ಟು, 40 ಪಟ್ಟು ತೆಳುಗೊಳಿಸಿ ಅಳೆದು, ಪಟ್ಟಿನಿಂದ ಗುಣಿಸಿ ನೋಡಬೇಕು. ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್ ಅಡ್ಡಬರುತ್ತಿದ್ದರೆ ತೆಳುಗೊಳಿಸಿದಂತೆಲ್ಲ ಅದರ ಪ್ರಭಾವ ಕಳೆದು, ಫಲಿತಾಂಶ ಏರುತ್ತಾ ಹೋಗುತ್ತದೆ, ಅದೂ ಹಲವು ಫ್ಯಾಕ್ಟರ್‌ಗಳಲ್ಲಿ ಏಕಕಾಲಕ್ಕೆ. ಇವರಲ್ಲಿ ಮೂರೂ ಡೈಲ್ಯೂಷನ್‌ನಲ್ಲಿ ಫ್ಯಾಕ್ಟರ್ 8 ಮೂರರ ಆಸುಪಾಸಿನಲ್ಲೇ ನಿಂತಿತು. ಫ್ಯಾಕ್ಟರ್ 8ರ ಪ್ರತಿಕಾಯ ಬಹಳ ಬಲವಾಗಿದ್ದಾಗ 9 ಮತ್ತು 11 ಕೂಡ ಮೊದಲ ಡೈಲ್ಯೂಷನ್‌ನಲ್ಲಿ ಕಡಿಮೆ ತೋರಬಹುದೆಂಬುದು ನೆನಪಿರಲಿ, ಏಕೆಂದರೆ ಆ ಪರೀಕ್ಷೆಗೆ ಬಳಸುವ ಪ್ಲಾಸ್ಮಾದಲ್ಲಿರುವ ಫ್ಯಾಕ್ಟರ್ 8ನ್ನೂ ಪ್ರತಿಕಾಯ ಕೆಡಿಸುತ್ತದೆ. ಅಲ್ಲಿಯೂ ತೆಳುಗೊಳಿಸಿದಾಗ 9, 11 ಏರಿ ಸರಿಹೋಗುತ್ತವೆ, 8 ಮಾತ್ರ ಏಳುವುದಿಲ್ಲ.

ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಕಡಿಮೆಯಿದ್ದರೂ ಫ್ಯಾಕ್ಟರ್ 8 ಇಳಿಯಬಹುದಾದ್ದರಿಂದ ಅದನ್ನೂ ನೋಡಿದೆವು, ಸರಿಯಾಗಿತ್ತು. ಲೂಪಸ್‌ಗಾಗಿ ಹಾವಿನ ವಿಷ ಬಳಸುವ ಡಿಆರ್‌ವಿವಿಟಿ ಪರೀಕ್ಷೆಯೂ ಸರಿಯಿತ್ತು. ಈ ಕೊನೆಯದನ್ನು ಬಿಡಬಾರದು. ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್ ಇರುವವರಿಗೆ ಅಪಾಯ ಸಾಮಾನ್ಯವಾಗಿ ರಕ್ತಸ್ರಾವದ್ದಲ್ಲ, ರಕ್ತನಾಳದೊಳಗೆ ಹೆಪ್ಪುಗಟ್ಟುವುದರದ್ದು. ಅವರಿಗೆ ಹೆಪ್ಪುಗಟ್ಟಿಸುವ ಔಷಧ ಕೊಟ್ಟರೆ ಅನಾಹುತ.

ಇನ್ನುಳಿದದ್ದು ಪ್ರತಿಕಾಯದ ಮಟ್ಟ. 1975ರಿಂದ ಇದನ್ನು ಬೆಥೆಸ್ಡಾ ಯೂನಿಟ್‌ಗಳಲ್ಲಿ ಹೇಳುತ್ತಾರೆ. ಪೂಲ್ ಪ್ಲಾಸ್ಮಾದ ಫ್ಯಾಕ್ಟರ್ 8ನ್ನು 37 ಡಿಗ್ರಿಯಲ್ಲಿ ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಸುವಷ್ಟು ಪ್ರತಿಕಾಯ ಒಂದು ಯೂನಿಟ್. ಈಗ ಹೆಚ್ಚಾಗಿ ಬಳಸುವ ನೈಮೇಗನ್ ಮಾರ್ಪಾಡಿನಲ್ಲಿ ಪ್ಲಾಸ್ಮಾಕ್ಕೆ ಬಫರ್ ಸೇರಿಸಿ ಪಿಎಚ್ ಅಲುಗಾಡದಂತೆ ನೋಡಿಕೊಳ್ಳುತ್ತಾರೆ. ಇವರ ಪ್ಲಾಸ್ಮಾವನ್ನು ಐದು ಪಟ್ಟು ತೆಳುಗೊಳಿಸಿದಾಗ ಕಂಟ್ರೋಲ್‌ಗೆ ಹೋಲಿಸಿದರೆ ಶೇಕಡಾ 45 ಫ್ಯಾಕ್ಟರ್ 8 ಉಳಿಯಿತು. ಲೆಕ್ಕದಲ್ಲಿ ಅದು 1.15 ಯೂನಿಟ್, ಐದರಿಂದ ಗುಣಿಸಿದರೆ ಸುಮಾರು 5.8. ತಾನಾಗಿ ಹುಟ್ಟಿದ ಇಂಥ ಪ್ರತಿಕಾಯಗಳು ಸರಳ ರೇಖೆಯಲ್ಲಿ ವರ್ತಿಸುವುದಿಲ್ಲ, ಎಷ್ಟು ಪ್ರತಿಕಾಯ ಇದ್ದರೂ ಸ್ವಲ್ಪ ಫ್ಯಾಕ್ಟರ್ 8 ಉಳಿಸಿಯೇ ಇರುತ್ತವೆ. ಹಾಗಾಗಿ 50ಕ್ಕೆ ಅತಿ ಹತ್ತಿರದ ಉಳಿಕೆ ಬಂದ ಡೈಲ್ಯೂಷನ್ನನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ಶೇಕಡಾ 3 ಉಳಿದಿದೆ, ಮಟ್ಟ 5.8 ಮಾತ್ರ ಎಂದು ರೋಗಿ ಸುರಕ್ಷಿತ ಎಂದುಕೊಳ್ಳಬಾರದು. ಈ ಕಾಯಿಲೆಯಲ್ಲಿ ಸಂಖ್ಯೆಗೂ ರಕ್ತಸ್ರಾವದ ತೀವ್ರತೆಗೂ ತಾಳೆಯಾಗುವುದಿಲ್ಲ, ಊದಿದ ತೊಡೆಯೇ ಅದನ್ನು ಹೇಳುತ್ತಿತ್ತು.

ರೋಗನಿರ್ಣಯ: ಬದುಕಿನ ನಡುವೆ ಗಳಿಸಿದ ಹಿಮೋಫಿಲಿಯಾ ಎ. ವರ್ಷಕ್ಕೆ ಹತ್ತು ಲಕ್ಷ ಮಂದಿಯಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ವಯಸ್ಸಾದವರಲ್ಲಿ ಹೆಚ್ಚು, ಹೆರಿಗೆಯ ನಂತರದ ತಿಂಗಳುಗಳಲ್ಲಿ ಹೆಣ್ಣುಮಕ್ಕಳಲ್ಲೂ ಕಾಣುತ್ತದೆ. ಸುಮಾರು ಅರ್ಧದಷ್ಟು ಜನರಲ್ಲಿ ಕಾರಣ ಸಿಗುವುದಿಲ್ಲ, ಉಳಿದವರಲ್ಲಿ ಕ್ಯಾನ್ಸರ್, ಸಂಧಿವಾತದಂಥ ಸ್ವಯಂಪ್ರತಿರಕ್ಷಾ ಕಾಯಿಲೆ ಅಥವಾ ಔಷಧ ಹಿಂದಿರುತ್ತದೆ. ಇವರಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ.

ವಾರ್ಡಿನಲ್ಲಿ ಚಿಕಿತ್ಸೆಯ ದಾರಿಯೇ ಬದಲಾಯಿತು. ಫ್ಯಾಕ್ಟರ್ 8 ತರಿಸುವ ಯೋಚನೆ ಕೈಬಿಟ್ಟರು, ಕೊಟ್ಟದ್ದನ್ನು ಪ್ರತಿಕಾಯ ತಿಂದುಹಾಕುತ್ತದೆ. ಬದಲಿಗೆ ಫ್ಯಾಕ್ಟರ್ 8ರ ಹಂತವನ್ನು ದಾಟಿ ಹೆಪ್ಪುಗಟ್ಟಿಸುವ ರೀಕಾಂಬಿನೆಂಟ್ ಫ್ಯಾಕ್ಟರ್ 7ಎ, ಕೆ.ಜಿ.ಗೆ 90 ಮೈಕ್ರೋಗ್ರಾಂನಂತೆ ಮೂರು ಗಂಟೆಗೊಮ್ಮೆ. ಇದು ದುಬಾರಿ ಔಷಧ, ಖಚಿತ ರೋಗನಿರ್ಣಯವಿಲ್ಲದೆ ಯಾವ ಕುಟುಂಬದ ಮೇಲೂ ಹೊರಿಸುವಂಥದ್ದಲ್ಲ. ಇದರ ಡೋಸನ್ನು ಎಪಿಟಿಟಿ ನೋಡಿ ಹೊಂದಿಸಲಾಗದು, ಊತ ಮತ್ತು ಹಿಮೋಗ್ಲೋಬಿನ್ ನೋಡಿಯೇ ನಿರ್ಧರಿಸಬೇಕು. ಜೊತೆಗೆ ಪ್ರತಿಕಾಯ ಉತ್ಪತ್ತಿ ನಿಲ್ಲಿಸಲು ಪ್ರೆಡ್ನಿಸೊಲೋನ್ ದಿನಕ್ಕೆ 60 ಮಿ.ಗ್ರಾಂ. ಫ್ಯಾಕ್ಟರ್ 8 ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ಅಥವಾ ಪ್ರತಿಕಾಯದ ಮಟ್ಟ 20 ಯೂನಿಟ್ ದಾಟಿದ್ದರೆ ಮೊದಲ ದಿನದಿಂದಲೇ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್ ಸೇರಿಸುವುದು ವಾಡಿಕೆ. ಇವರಿಗೆ ಸ್ಟೀರಾಯ್ಡ್ ಒಂದರಿಂದಲೇ ಶುರುಮಾಡಿದರು. ಸಕ್ಕರೆ ಏರಿತು, ಇನ್ಸುಲಿನ್ ಬೇಕಾಯಿತು, ಆದರೆ ತೊಡೆಯ ಊತ ಮೂರನೆಯ ದಿನ ನಿಂತಿತು.

ಐದನೆಯ ವಾರ ಎಪಿಟಿಟಿ 33 ಸೆಕೆಂಡ್. ಮನೆಯವರು ನೆಮ್ಮದಿಯಿಂದ, "ಎಲ್ಲಾ ನಾರ್ಮಲ್ ಬಂತಲ್ಲಮ್ಮ, ಇನ್ನು ಟೆಸ್ಟ್ ಬೇಡ ಅಲ್ವಾ?" ಎಂದು ಕೇಳಿದರು. ಫ್ಯಾಕ್ಟರ್ 8 ಅಳೆದಾಗ ಶೇಕಡಾ 72, ಇನ್ಹಿಬಿಟರ್ ಪತ್ತೆಯಿಲ್ಲ. ಸ್ಟೀರಾಯ್ಡ್ ನಿಧಾನವಾಗಿ ಇಳಿಸತೊಡಗಿದರು. ಆದರೂ ಟೆಸ್ಟ್ ಬೇಕು ಎಂದೇ ಹೇಳಿದೆ. ಔಷಧ ನಿಲ್ಲಿಸಿದ ಮೇಲೆ ಕೆಲವರಲ್ಲಿ ಕಾಯಿಲೆ ಮರುಕಳಿಸುತ್ತದೆ. ಫ್ಯಾಕ್ಟರ್ 8 ಶೇಕಡಾ 72ರಿಂದ 45ಕ್ಕೆ ಇಳಿದರೂ ಎಪಿಟಿಟಿ ಅಲುಗಾಡದೆ ಕೂತಿರಬಹುದು, ಮಿಶ್ರಣದಲ್ಲಿ ಅರ್ಧ ಫ್ಯಾಕ್ಟರ್ ಸಾಕಾಗುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ. ಆದ್ದರಿಂದ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ಎರಡು ಮೂರು ತಿಂಗಳಿಗೊಮ್ಮೆ ಫ್ಯಾಕ್ಟರ್ 8ನ್ನೇ ಅಳೆಯಲು ಚೀಟಿ ಬರೆದುಕೊಟ್ಟೆವು.